ಉತ್ತರ ಮುಖದ ಮನೆಗೆ ಡಿಸೆಂಬರ್ ಬಿಸಿಲು

ಮೇಜಿನ ಮೇಲೆ ಅಂಗೈಯಷ್ಟು ಬಿಳಿ ಮಣ್ಣಿನ ಮನೆ. ಹಲಸೂರಿನ ಮೂವತ್ತಡಿ ರಸ್ತೆಯಲ್ಲಿ, ಉತ್ತರಕ್ಕೆ ಮುಖಮಾಡಿ ಏಳಬೇಕಾದ ಮೂರಂತಸ್ತಿನ ಕಟ್ಟಡ, ನೂರಕ್ಕೊಂದರ ಅಳತೆಯಲ್ಲಿ 9 ಸೆಂಟಿಮೀಟರ್ ಎತ್ತರ. ಬಣ್ಣವಿಲ್ಲ, ಕಿಟಕಿಯಿಲ್ಲ. ಟೆರೇಸಿನ ಅಂಚಿನಲ್ಲಿ ಯಾರದೋ ಹೆಬ್ಬೆರಳ ಗುರುತು ಇನ್ನೂ ಇದೆ.

ಇಂದಿರಾನಗರದ ನಮ್ಮ ಕಚೇರಿಯಲ್ಲಿ ಹುಡುಗ ಫೋನನ್ನು ತಲೆಕೆಳಗು ಹಿಡಿದು ಮೇಜಿಗೆ ತಾಗಿಸುತ್ತಾನೆ. ರಸ್ತೆಯಲ್ಲಿ ನಿಂತವನ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ಇಲ್ಲಿ ಲೆನ್ಸು 16 ಮಿಲಿಮೀಟರಿನಲ್ಲಿರಬೇಕು. ಅದಕ್ಕಿಂತ ಮೇಲೆ ಹೋದರೆ ಮನೆ ಆಟಿಕೆಯಾಗುತ್ತದೆ. ತೀರಾ ಹತ್ತಿರ ಹೋದರೆ ಹಿಂದಿನ ಗೋಡೆ ಮಸುಕಾಗಿ ಮತ್ತೆ ಆಟಿಕೆಯೇ. ಹಾಗಾಗಿ ಅವನು ದೂರ ಸರಿದು ಜೂಮ್ ಮಾಡುತ್ತಾನೆ.

ಫೋಟೊ ಕಂಪ್ಯೂಟರಿಗೆ ಬಂದ ಮೇಲೆ ಗೋಡೆಯ ಎರಡು ದಿಕ್ಕಿನ ಅಂಚುಗಳ ಮೇಲೆ ಗೆರೆ ಎಳೆದರೆ ಕ್ಯಾಮೆರಾ ಎಲ್ಲಿತ್ತೆಂದು ಎಫ್‌ಸ್ಪೈ ಲೆಕ್ಕ ಹಾಕುತ್ತದೆ. ಬ್ಲೆಂಡರಿನಲ್ಲಿ ಅದೇ ಜಾಗದಿಂದ ನೋಡುತ್ತ ಮಣ್ಣಿನ ಆಕಾರದ ಮೇಲೆ ಮನೆಯನ್ನು ಮತ್ತೆ ಕಟ್ಟುತ್ತೇವೆ. ಇಟ್ಟಿಗೆ ಹಚ್ಚಿದೊಡನೆ ನಾನು 2.1 ಮೀಟರ್ ಬಾಗಿಲ ಪಕ್ಕದ ವರಸೆಗಳನ್ನು ಎಣಿಸುತ್ತೇನೆ. ಗಾರೆ ಸೇರಿ ಒಂದು ವರಸೆ ಎಂಟೂವರೆ ಸೆಂಟಿಮೀಟರ್, ಅಂದರೆ ಸುಮಾರು 25 ಇರಬೇಕು. ಹನ್ನೆರಡೇ ಸಿಕ್ಕರೆ ಇಟ್ಟಿಗೆ ದುಪ್ಪಟ್ಟಾಗಿದೆ, ಮನೆ ಕುಗ್ಗಿದೆ.

ಬಿಸಿಲಿನಲ್ಲಿ ಮಾತ್ರ ನಾವು ಎಡವಿದೆವು. ಫೋಟೊದಲ್ಲಿ ಟೇಬಲ್ ಲ್ಯಾಂಪು ರಸ್ತೆಯ ಕಡೆಗಿತ್ತು, ಮುಂಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಡಿಸೆಂಬರಿನ ಬೆಳಿಗ್ಗೆಯೆಂದು ಹೆಸರಿಟ್ಟ ಚಿತ್ರದಲ್ಲೂ ಸೂರ್ಯನನ್ನು ಅಲ್ಲೇ ಇಟ್ಟೆವು. ಆ ಜಾಗದ ಹಳೆ ಮನೆಯ ಅಜ್ಜಿ ನೋಡಿದವರೇ, “ಇಲ್ಲಪ್ಪಾ, ಆ ತಿಂಗಳು ನಮ್ಮ ಬಾಗಿಲಿಗೆ ಬಿಸಿಲೇ ಬೀಳಲ್ಲ. ಹೊಸ್ತಿಲಿಗೆ ನೀರು ಹಾಕಿದ್ರೆ ಒಣಗೋಕೆ ಹನ್ನೊಂದಾಗತ್ತೆ” ಎಂದರು.

ಅವರು ಹೇಳಿದ್ದು ಸರಿ. ಅಕ್ಷಾಂಶ 12.97, ಡಿಸೆಂಬರ್ 21, ಹತ್ತು ಗಂಟೆ ಎಂದು ಕೊಟ್ಟಾಗ ಸೂರ್ಯ ಆಗ್ನೇಯದಲ್ಲಿ, 40 ಡಿಗ್ರಿ ಮೇಲೆ, ಮನೆಯ ಬೆನ್ನ ಹಿಂದೆ ನಿಂತ. ಮುಂಭಾಗಕ್ಕೆ ಬಿಸಿಲೇ ಬೇಕೆಂದರೆ ಜೂನ್ 21 ಹಾಕಬೇಕು. ಆಗ ಅದೇ ಹೊತ್ತಿಗೆ ಸೂರ್ಯ ಈಶಾನ್ಯದ ಕಡೆ ಇದ್ದು ಗೋಡೆಯನ್ನು ಓರೆಯಾಗಿ ಸವರುತ್ತಾನೆ. ಅಜ್ಜಿ ಡಿಸೆಂಬರನ್ನೇ ಇಟ್ಟುಕೊಂಡರು.

ಈಗ ಮನೆಯ ನೆರಳು ವಾಯವ್ಯಕ್ಕೆ ಚಾಚಿ ರಸ್ತೆಯ ಅರ್ಧ ದಾಟಿದೆ. ಎದುರು ಮನೆಯ ಹಳದಿ ಗೋಡೆಗೆ ಪೂರ್ತಿ ಬಿಸಿಲು. ಅದರ ಬೆಚ್ಚನೆಯ ಮರುಬೆಳಕು ನಮ್ಮ ಬಾಲ್ಕನಿಯ ತಳಕ್ಕೆ ಹತ್ತಿದೆ. ಇಟ್ಟಿಗೆಯ ಮೇಲೆ ಆಕಾಶದ ತೆಳು ನೀಲಿ ಇದೆ. ಹುಡುಗ ಹೊಸ್ತಿಲ ಮುಂದಿನ ಕಲ್ಲನ್ನು ಕೊಂಚ ಕಪ್ಪಾಗಿಸಿ, ಹೊಳಪು ಹೆಚ್ಚಿಸಿ, ಒದ್ದೆ ಮಾಡಿದ.