ಲೆಕ್ಕಿಗರ ರಾಜೀನಾಮೆ ಪತ್ರ

ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಅಕೌಂಟೆಂಟ್‌ಗೆ ಬೇರೆಡೆ ಹಿರಿಯ ಹುದ್ದೆ ಸಿಕ್ಕಿದೆ ಎನ್ನೋಣ. ನೋಟಿಸ್ ಅವಧಿ ಒಂದು ತಿಂಗಳು. ಅವರು ಜುಲೈ 22ಕ್ಕೆ ಪತ್ರ ಕೊಟ್ಟು, ಆಗಸ್ಟ್ 21 ಕೊನೆಯ ದಿನವೆಂದು ಬರೆದರೆ ಅದೇ ದೊಡ್ಡ ಉಪಕಾರ. ಜುಲೈ ತಿಂಗಳ ಟಿಡಿಎಸ್ ಆಗಸ್ಟ್ 7ರೊಳಗೆ, ಜಿಎಸ್‌ಟಿಆರ್-3ಬಿ 20ರೊಳಗೆ ಹೋಗಬೇಕು. ಎರಡನ್ನೂ ಅವರೇ ಮುಗಿಸಿ ಹೊರಡಬಹುದು.

ಮೊದಲ ಸಾಲಿನಲ್ಲೇ ರಾಜೀನಾಮೆ ಮತ್ತು ಕೊನೆಯ ದಿನಾಂಕ ಇರಲಿ. ಎಚ್‌ಆರ್‌ನವರು ಅಂತಿಮ ಲೆಕ್ಕ ಚುಕ್ತಾ ಮಾಡುವುದು ಅದನ್ನು ನೋಡಿಯೇ. ಹೊಸ ಕಂಪನಿಯ ಹೆಸರು, ಸಂಬಳ ಬೇಡ. 'ಹೆಚ್ಚಿನ ಜವಾಬ್ದಾರಿಯ ಅವಕಾಶ' ಎಂದರೆ ಸಾಕು.

ಕೃತಜ್ಞತೆಗೆ ಮಾತ್ರ ಧಾರಾಳವಾಗಿ ಜಾಗ ಕೊಡಿ. 'ತುಂಬಾ ಕಲಿತೆ' ಎಂಬುದು ಯಾರಿಗೂ ತಟ್ಟುವುದಿಲ್ಲ. ಹೀಗೆ ಬರೆಯಿರಿ: "ಸರ್, ಮೊದಲ ಆಡಿಟ್‌ನಲ್ಲಿ ಸ್ಟಾಕ್ ಲೆಕ್ಕ ತಾಳೆಯಾಗದಿದ್ದಾಗ ನೀವು ಗದರದೆ, ರಾತ್ರಿಯವರೆಗೂ ಜೊತೆಗೆ ಕೂತು ಒಂದೊಂದೇ ವೋಚರ್ ನೋಡಿದಿರಿ. ಲೆಕ್ಕ ಪರಿಶೀಲಿಸುವ ತಾಳ್ಮೆ ನನಗೆ ಬಂದದ್ದು ಅಲ್ಲಿಂದಲೇ. ನಿಮಗೂ ಸಂಸ್ಥೆಗೂ ನಾನು ಋಣಿ." ಮ್ಯಾನೇಜರ್ ಈ ಪತ್ರವನ್ನು ಖಂಡಿತ ಎತ್ತಿಟ್ಟುಕೊಳ್ಳುತ್ತಾರೆ.

ಬಾಕಿ ವಸೂಲಿ ಪಟ್ಟಿ, ಬ್ಯಾಂಕ್ ರೀಕನ್ಸಿಲಿಯೇಷನ್, ಪೋರ್ಟಲ್‌ಗಳ ಲಾಗಿನ್ ವಿವರ ಯಾರಿಗೆ ಒಪ್ಪಿಸುತ್ತೀರೆಂದೂ ಕೊನೆಯಲ್ಲಿ ತಿಳಿಸಿ. ಪಾಸ್‌ವರ್ಡ್‌ಗಳನ್ನು ಪತ್ರದಲ್ಲಿ ಬರೆಯದೆ ಎದುರಿಗೇ ಕೊಟ್ಟು, ಬದಲಾಯಿಸಲು ಹೇಳಿ.