ಪ್ಯಾಡ್ ಮೇಲೆ ಬೇಯುವ ಫೋನು

ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಕಾರೊಂದನ್ನು ಊಹಿಸಿಕೊಳ್ಳಿ. ಗೇರಿನ ಮುಂದಿನ ತಗ್ಗಿನಲ್ಲಿ ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಇದೆ, ಅದರ ಮೇಲೆ ದಪ್ಪ ಕವರಿನ ಫೋನು. ಫೋನಿನಲ್ಲಿ ಮ್ಯಾಪ್ ಓಡುತ್ತಿದೆ, ಹಾಡು ಬರುತ್ತಿದೆ, ಎರಡನ್ನೂ ವೈರ್‌ಲೆಸ್ ಆಂಡ್ರಾಯ್ಡ್ ಆಟೊ ಕಾರಿನ ಪರದೆಗೆ ಕಳಿಸುತ್ತಿದೆ. ಚಿತ್ರದುರ್ಗದ ಹತ್ತಿರ ಊಟಕ್ಕೆ ನಿಲ್ಲಿಸಿ ಫೋನು ಎತ್ತಿಕೊಂಡರೆ ಹಿಡಿಯಲಾಗದಷ್ಟು ಬಿಸಿ. ಮೂರು ತಾಸು ಪ್ಯಾಡ್ ಮೇಲಿದ್ದರೂ ಚಾರ್ಜು ಹೆಚ್ಚೇನೂ ಏರಿಲ್ಲ. ಪ್ಯಾಡ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಹೋಗುವವರು ಬಹಳ. ಆದರೆ ಇಂಥ ಸಂದರ್ಭಗಳಲ್ಲಿ ಪ್ಯಾಡೂ ಸರಿಯಾಗಿರುತ್ತದೆ, ಫೋನೂ ಸರಿಯಾಗಿರುತ್ತದೆ.

ಪ್ಯಾಡಿನೊಳಗೆ ತಾಮ್ರದ ತಂತಿಯ ಸುರುಳಿಯಿದೆ. ಅದರಲ್ಲಿ ಹರಿಯುವ ಕರೆಂಟು ಸಾಮಾನ್ಯವಾಗಿ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಫೋನಿನ ಬೆನ್ನಿನಲ್ಲಿರುವ ಇನ್ನೊಂದು ಸುರುಳಿ ಅದನ್ನು ಮತ್ತೆ ಕರೆಂಟು ಮಾಡಿಕೊಳ್ಳುತ್ತದೆ. ‘ಚೀ’ ಎಂದು ಕರೆಯುವ ಈ ವಿಧಾನದಲ್ಲಿ, ಎರಡು ಸುರುಳಿಗಳು ನೇರಕ್ಕೆ ನೇರ ಕೂತಾಗಲೂ ಸುಮಾರು ಕಾಲು ಭಾಗದಷ್ಟು ಶಕ್ತಿ ದಾರಿಯಲ್ಲೇ ಶಾಖವಾಗುತ್ತದೆ. ಫೋನಿಗೆ 10 ವಾಟ್ ಮುಟ್ಟಬೇಕಾದರೆ ಪ್ಯಾಡ್ 13-14 ವಾಟ್ ಎಳೆಯಬೇಕು. ಉಳಿದ ಮೂರು-ನಾಲ್ಕು ವಾಟ್‌ನಲ್ಲಿ ಒಂದು ಪಾಲು ಫೋನಿನೊಳಗೇ ಬಿಸಿಯಾಗಿ ಕೂರುತ್ತದೆ.

ಮನೆಯ ಮೇಜಿನ ಮೇಲಾದರೆ ಇದು ದೊಡ್ಡ ಸಂಗತಿಯಲ್ಲ. ಕಾರಿನಲ್ಲಿ ಫೋನು ಸುಮ್ಮನಿರುವುದಿಲ್ಲ. ಜಿಪಿಎಸ್, ಮೊಬೈಲ್ ಡೇಟಾ, ವೈಫೈ ಮೂರೂ ಒಟ್ಟಿಗೆ ದುಡಿದು ತಮ್ಮದೇ ಶಾಖ ಹುಟ್ಟಿಸುತ್ತವೆ. ಆ ಶಾಖ ಹೊರಹೋಗುವ ಮುಖ್ಯ ದಾರಿ ಫೋನಿನ ಬೆನ್ನು. ಅದೇ ಬೆನ್ನು ರಬ್ಬರ್ ಹಾಸಿಗೆ ಒತ್ತಿಕೊಂಡಿರುತ್ತದೆ. ಮೇಲಿನಿಂದ ಗಾಜಿನ ಮೂಲಕ ಬಿಸಿಲು ಬಿದ್ದರೆ ಮುಗಿಯಿತು.

ಇದರ ಮೇಲೆ ರಸ್ತೆಯ ಉಪದ್ರವ ಬೇರೆ. ಹಂಪ್ ಹಾರಿದಾಗ, ತಿರುವಿನಲ್ಲಿ ಓಲಿದಾಗ ಫೋನು ಒಂದೆರಡು ಬೆರಳು ಸರಿಯುತ್ತದೆ. ಸುರುಳಿಗಳ ಹೊಂದಿಕೆ ತಪ್ಪಿದಷ್ಟೂ ನಷ್ಟ ಹೆಚ್ಚು, ಬಿಸಿಯೂ ಹೆಚ್ಚು. ದಪ್ಪ ಕವರ್ ಸುರುಳಿಗಳ ನಡುವಿನ ಅಂತರ ಹೆಚ್ಚಿಸುತ್ತದೆ. ಮ್ಯಾಗ್ನೆಟ್ ಸ್ಟ್ಯಾಂಡಿಗಾಗಿ ಕವರಿಗೆ ಅಂಟಿಸಿದ ಕಬ್ಬಿಣದ ಬಿಲ್ಲೆಯಂತೂ ಕಾಂತಕ್ಷೇತ್ರದಲ್ಲಿ ತಾನೇ ಕಾಯುತ್ತದೆ, ಇಂಡಕ್ಷನ್ ಒಲೆಯ ಮೇಲಿನ ಪಾತ್ರೆಯ ಹಾಗೆ.

ಲಿಥಿಯಂ ಬ್ಯಾಟರಿಗೆ ಬಿಸಿಯಲ್ಲಿ ಚಾರ್ಜು ತುಂಬಿಸುವುದು ಒಳ್ಳೆಯದಲ್ಲ. ಸಾಮಾನ್ಯವಾಗಿ 45 ಡಿಗ್ರಿಯನ್ನು ಮೇಲಿನ ಮಿತಿಯೆಂದು ಹಿಡಿಯುತ್ತಾರೆ. ಅದರ ಹತ್ತಿರ ಬಂದಂತೆ ಫೋನು ತಾನಾಗಿ ಚಾರ್ಜಿನ ವೇಗ ಇಳಿಸುತ್ತದೆ, ಬೇಕಾದರೆ ಪೂರ್ತಿ ನಿಲ್ಲಿಸುತ್ತದೆ. ಪರದೆ ಮಂಕಾಗುವುದು, ಚಾರ್ಜಿನ ಗುರುತು ಬಂದು ಬಂದು ಹೋಗುವುದು, ಮ್ಯಾಪ್ ತಡವರಿಸುವುದು ಇದರ ಲಕ್ಷಣ. ಐಫೋನಿನಲ್ಲಾದರೆ Charging On Hold ಎಂಬ ಸೂಚನೆ ಕಾಣಬಹುದು. ಆಗ ಫೋನನ್ನು ಪ್ಯಾಡಿನಿಂದ ಎತ್ತಿ, ಕವರ್ ತೆಗೆದು, ನೆರಳಿನಲ್ಲಿ ಇಟ್ಟರೆ ಸಾಕು.

ಕಾರು ಕಂಪನಿಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. 2020ರಲ್ಲಿ ಭಾರತಕ್ಕೆ ಬಂದ ಕಿಯಾ ಸೋನೆಟ್‌ನ ಮೇಲಿನ ವೇರಿಯಂಟ್‌ಗಳಲ್ಲಿ ಪ್ಯಾಡನ್ನು ತಂಪು ಮಾಡುವ ವ್ಯವಸ್ಥೆಯೇ ಇತ್ತು. 2023ರಲ್ಲಿ ಪ್ರಕಟವಾದ ‘ಚೀ 2’ ಮಾನದಂಡದಲ್ಲಿ ಆಯಸ್ಕಾಂತದ ಬಳೆಯೊಂದು ಫೋನನ್ನು ಸರಿಯಾದ ಜಾಗಕ್ಕೆ ಹಿಡಿದಿಡುತ್ತದೆ. ಹೊಂದಿಕೆ ತಪ್ಪುವ ಕಾಟ ಇದರಿಂದ ಕಡಿಮೆಯಾಗುತ್ತದೆ; ಮ್ಯಾಪ್ ಮತ್ತು ಬಿಸಿಲಿನ ಶಾಖಕ್ಕೆ ಅದರಲ್ಲಿ ಮದ್ದಿಲ್ಲ.

ಕೇಬಲ್ ಗೆಲ್ಲುವುದು ಇಲ್ಲೇ. ತಂತಿಯಲ್ಲಿ ಶಕ್ತಿ ಪೋಲಾಗುವುದು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಫೋನನ್ನು ಎಸಿ ಗಾಳಿ ಬೀಸುವ ಕಡೆ ಸ್ಟ್ಯಾಂಡಿಗೆ ಸಿಕ್ಕಿಸಬಹುದು, ಬೆನ್ನು ಉಸಿರಾಡುತ್ತದೆ. ಆದರೆ ಯಾವ ಪೋರ್ಟಿಗೆ ಚುಚ್ಚುತ್ತೀರಿ ಎಂಬುದನ್ನು ನೋಡಬೇಕು. ಹಳೆಯ ಕಾರುಗಳಲ್ಲಿ ಪೆನ್‌ಡ್ರೈವ್ ಹಾಕುವ ಯುಎಸ್‌ಬಿ ಪೋರ್ಟು ಕೇವಲ ಅರ್ಧ ಆಂಪಿಯರ್, ಅಂದರೆ 2.5 ವಾಟ್ ಕೊಡಬಹುದು. ಮ್ಯಾಪ್ ಓಡಿಸುವ ಫೋನು ಅಷ್ಟನ್ನೂ ತಾನೇ ನುಂಗಿಬಿಡುತ್ತದೆ, ಕೇಬಲ್ ಇದ್ದೂ ಚಾರ್ಜು ಇಳಿಯುತ್ತದೆ. ಇಂಥ ಕಾರಿನಲ್ಲಿ 12 ವೋಲ್ಟ್ ಸಾಕೆಟ್ಟಿಗೆ 18-20 ವಾಟ್‌ನ ಒಳ್ಳೆಯ ಅಡಾಪ್ಟರ್ ಹಾಕುವುದೇ ಸರಿ.

ಕವರಿನ ಹಿಂದೆ ಮೆಟ್ರೊ ಕಾರ್ಡು, ಎಟಿಎಂ ಕಾರ್ಡು ಸಿಕ್ಕಿಸುವವರು ಪ್ಯಾಡ್ ಮೇಲಿಡುವ ಮೊದಲು ಅವನ್ನು ತೆಗೆಯಬೇಕು. ಕಾರ್ಡಿನ ಕಾಂತಪಟ್ಟಿ ಅಥವಾ ಚಿಪ್ಪು ಹಾಳಾಗಬಹುದೆಂದು ಫೋನ್ ಕಂಪನಿಗಳೇ ಎಚ್ಚರಿಸುತ್ತವೆ. ಫೋನಿಗೂ ಪೆಟ್ಟು ಬಿದ್ದದ್ದುಂಟು. ಕೆಲವು ಕಾರುಗಳಲ್ಲಿ ವೈರ್‌ಲೆಸ್ ಚಾರ್ಜ್ ಮಾಡಿದ ನಂತರ ಐಫೋನ್ 15ರ ಎನ್‌ಎಫ್‌ಸಿ ಸೌಲಭ್ಯ ನಿಂತುಹೋಗುತ್ತಿತ್ತು. 2023ರ ನವೆಂಬರಿನಲ್ಲಿ ಬಂದ ಐಒಎಸ್ 17.1.1 ಅದನ್ನು ಸರಿಪಡಿಸಿತು.

ಮನೆಯಿಂದ ಆಫೀಸಿಗೆ ಅರ್ಧ ತಾಸಿನ ದಾರಿ, ಮ್ಯಾಪ್ ಬೇಡ, ಫೋನು ಸುಮ್ಮನೆ ಮಲಗಿರುತ್ತದೆ ಎಂದಾದರೆ ಪ್ಯಾಡಿನಷ್ಟು ಅನುಕೂಲ ಬೇರೊಂದಿಲ್ಲ. ದೂರದ ಊರು, ಬಿಸಿಲು, ಮ್ಯಾಪ್ ಮೂರೂ ಸೇರಿದರೆ ಕೇಬಲ್ಲೇ ಮೇಲು. ಹಾಗಾಗಿ ಹೊಸ ಕಾರು ಕೊಳ್ಳುವವರು ಈ ಪ್ಯಾಡ್ ಒಂದಕ್ಕಾಗಿಯೇ ಮೇಲಿನ ವೇರಿಯಂಟ್‌ಗೆ ದುಡ್ಡು ಸುರಿಯಬೇಕಿಲ್ಲ.