ಪುಸ್ತಕದಲ್ಲಿ 5/8, ಹುಡುಗನ ಪಟ್ಟಿಯಲ್ಲಿ 20/32: ಎರಡೂ ಸರಿ ಹೆಂಗ?

ಸಂಜೆ ಅಂಗಡಿ ಗಲ್ಲಾದ ಪಕ್ಕ ಕೂತು ಮಗ ಲೆಕ್ಕ ಮಾಡ್ತಿರ್ತಾನೆ. ಗಿರಾಕಿ ಕಡಿಮೆಯಾದಾಗ ಅಪ್ಪ ಪಟ್ಟಿ ಇಸಕೊಂಡು, ಪುಸ್ತಕದ ಹಿಂದಿನ ಉತ್ತರದ ಪುಟ ತೆಗೆದು ನೋಡ್ತಾನೆ. ಲೆಕ್ಕ ಇಷ್ಟೇ: 1/4 ಮತ್ತು 3/8 ಕೂಡಿಸು. ಪುಸ್ತಕದಲ್ಲಿ ಉತ್ತರ 5/8. ಮಗ ಬರೆದದ್ದು 20/32. "ತಪ್ಪೈತಿ, ಮತ್ತ ಮಾಡು" ಅಂತಾನೆ ಅಪ್ಪ. ಹುಡುಗ ಮತ್ತೆ ಮಾಡಿದರೂ 20/32 ಬರುತ್ತದೆ. ಮೂರನೇ ಸಲ ಅಳು ಬರುತ್ತದೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಯಾವ ಊರಲ್ಲಿ ಕೇಳಿದರೂ ಇಂಥ ಮನೆ ಸಿಗುತ್ತವೆ. ಇಲ್ಲಿ ಹುಡುಗನ ಲೆಕ್ಕ ತಪ್ಪಿಲ್ಲ. ಅವನು ಉತ್ತರ ಮುಟ್ಟಿದ್ದಾನೆ, ಕೊನೆಯ ಒಂದು ಹೆಜ್ಜೆ ಬಿಟ್ಟಿದ್ದಾನೆ ಅಷ್ಟೇ.

ಇದನ್ನು ಹೊಲದ ಲೆಕ್ಕದಲ್ಲಿ ನೋಡಿದರೆ ಜಲ್ದಿ ತಿಳಿಯುತ್ತದೆ. ಎಕರೆಗೆ 40 ಗುಂಟೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಲು ಎಕರೆ ಅಂದರೆ 10 ಗುಂಟೆ. ಒಂದು ಎಕರೆಯನ್ನು ಎಂಟು ಪಾಲು ಮಾಡಿದರೆ ಒಂದೊಂದು ಪಾಲಿಗೆ 5 ಗುಂಟೆ, ಹಂಗಾಗಿ 3/8 ಎಕರೆ ಅಂದರೆ 15 ಗುಂಟೆ. ಎರಡೂ ಕೂಡಿಸಿದರೆ 25 ಗುಂಟೆ. ಅಂದರೆ 40ರಲ್ಲಿ 25, ಭಿನ್ನರಾಶಿಯಾಗಿ ಬರೆದರೆ 25/40.

ಈಗ ಒಂದೇ ಲೆಕ್ಕಕ್ಕೆ ಮೂರು ಉತ್ತರ ಆದವು: 5/8, 20/32, 25/40. ಹೊಲ ಮಾತ್ರ ಒಂದೇ. ಆ ಒಂದು ಎಕರೆಯನ್ನು ಎಂಟು ಪಟ್ಟಿ ಮಾಡಿ ಐದು ಪಟ್ಟಿ ತಗೊಂಡರೆ 5/8. ಅದೇ ಎಂಟು ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಒಡ್ಡು ಹಾಕಿ ನಾಲ್ಕು ತುಂಡು ಮಾಡಿದರೆ ಒಟ್ಟು 32 ತುಂಡು, ನಮ್ಮ ಪಾಲಿಗೆ ಬಂದದ್ದು 20 ತುಂಡು. ಪ್ರತಿ ಪಟ್ಟಿಯನ್ನು ಗುಂಟೆ ಲೆಕ್ಕದಲ್ಲಿ ಐದು ಮಾಡಿದರೆ ಒಟ್ಟು 40, ನಮ್ಮದು 25. ಒಡ್ಡು ಹೆಚ್ಚಾದವು, ತುಂಡು ಸಣ್ಣವಾದವು, ಭೂಮಿ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಮೇಲಿನ ಸಂಖ್ಯೆ ಅಂದರೆ ಅಂಶ, ಕೆಳಗಿನದು ಛೇದ. ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಬೆಲೆ ಬದಲಾಗಲ್ಲ. ಶಾಲೆಯಲ್ಲಿ ಇದಕ್ಕೇ ಸಮಾನ ಭಿನ್ನರಾಶಿ ಅನ್ನೋದು.

ಹಂಗಾದರೆ 32 ಎಲ್ಲಿಂದ ಬಂತು? ಹುಡುಗ ಅಡ್ಡ ಗುಣಾಕಾರ ಮಾಡಿದ್ದಾನೆ. ಛೇದಗಳನ್ನು ಗುಣಿಸಿದ, 4 × 8 = 32. ಮೇಲೆ 1 × 8 = 8, 3 × 4 = 12, ಕೂಡಿ 20. ಈ ದಾರಿ ಯಾವಾಗಲೂ ಸರಿ ಉತ್ತರವನ್ನೇ ಕೊಡುತ್ತದೆ. ಆದರೆ ಎರಡೂ ಛೇದಕ್ಕೆ ಸಾಮಾನ್ಯ ಅಪವರ್ತನ ಇದ್ದರೆ ಛೇದ ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ. ಇಲ್ಲಿ 8 ಅನ್ನೋದು 4ರ ಮಗ್ಗಿಯಲ್ಲೇ ಇದೆ. ಹೀಗಾಗಿ 8 ಸಾಕಿತ್ತು, ಅದೇ ಲ.ಸಾ.ಅ. ಪುಸ್ತಕದವರು 1/4ನ್ನು 2/8 ಮಾಡಿ 3/8ಕ್ಕೆ ಕೂಡಿಸಿ 5/8 ಬರೆದರು. ಹುಡುಗನ 20 ಮತ್ತು 32 ಎರಡನ್ನೂ 4ರಿಂದ ಭಾಗಿಸಿದರೆ ಅದೇ 5/8 ಸಿಗುತ್ತದೆ.

ಈ ಲ.ಸಾ.ಅ. ಪದ್ಧತಿ ನಿನ್ನೆ ಮೊನ್ನೆಯದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ ಇದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿ ಕೂಡಿಸಲು ಇದನ್ನೇ ಹೇಳಿದ್ದಾನೆ. ಅದಕ್ಕೆ ಅವನಿಟ್ಟ ಹೆಸರು 'ನಿರುದ್ಧ'.

ಲ.ಸಾ.ಅ. ತಗೊಂಡರೆ ಉತ್ತರ ತಾನಾಗೇ ಸಣ್ಣದಾಗಿ ಬರುತ್ತದೆ ಅಂತ ಭಾಳ ಮಂದಿ ತಿಳಿದಿರ್ತಾರೆ. ಅದು ಪೂರ್ತಿ ಖರೆ ಅಲ್ಲ. 1/3 ಮತ್ತು 1/6 ಕೂಡಿಸಿ ನೋಡಿ. ಲ.ಸಾ.ಅ. 6, ಅಂದರೆ 2/6 + 1/6 = 3/6. ಇದು ಇನ್ನೂ ಸಣ್ಣದಾಗಿ 1/2 ಆಗುತ್ತದೆ. ಅದಕ್ಕೇ ಯಾವ ದಾರಿಯಿಂದ ಬಂದರೂ ಕೊನೆಗೆ ಒಂದು ಸಲ ಮೇಲೆ ಕೆಳಗೆ ಎರಡಕ್ಕೂ ಹೋಗುವ ಸಂಖ್ಯೆ ಇದೆಯಾ ಅಂತ ನೋಡಲೇಬೇಕು.

ಈಗ ಅಪ್ಪ ಅವ್ವ ಪಟ್ಟಿ ತಿದ್ದುವುದು ಹೆಂಗ? ಎರಡು ಉತ್ತರ ಪಕ್ಕಪಕ್ಕ ಬರೆದು ಅಡ್ಡ ಗುಣಿಸಿ. 20/32 ಮತ್ತು 5/8ಕ್ಕೆ 20 × 8 = 160, 5 × 32 = 160. ಎರಡೂ ಒಂದೇ ಬಂದವು, ಉತ್ತರ ಸಮ. ಗಲ್ಲಾದಲ್ಲಿನ ಕ್ಯಾಲ್ಕುಲೇಟರ್‌ನಲ್ಲೂ ನೋಡಬಹುದು, 20 ÷ 32 ಮತ್ತು 5 ÷ 8 ಎರಡೂ 0.625. ಆದರೆ 1/3 ಥರದ್ದು ಬಂದರೆ 0.3333 ಅಂತ ಹೋಗಿ ನಡುವೆ ಕತ್ತರಿಸಿಬಿಡುತ್ತದೆ, ಅಂಥಲ್ಲಿ ಅಡ್ಡ ಗುಣಾಕಾರವೇ ಗಟ್ಟಿ.

ಬೇರೆ ಕಂಡದ್ದೆಲ್ಲ ಸರಿ ಅಂತಲೂ ಅಲ್ಲ. ಕೆಲವು ಹುಡುಗರು ಮೇಲಿಂದ ಮೇಲೆ, ಕೆಳಗಿಂದ ಕೆಳಗೆ ಕೂಡಿಸಿ 4/12 ಬರೀತಾರೆ. ಅಡ್ಡ ಗುಣಿಸಿದರೆ 4 × 8 = 32, 5 × 12 = 60, ಹೊಂದಲಿಲ್ಲ. ಗುಣಿಸದೆಯೂ ಗೊತ್ತಾಗುತ್ತದೆ: 4/12 ಅಂದರೆ 1/3 ಎಕರೆ, 13 ಗುಂಟೆ ಮೇಲೊಂದಿಷ್ಟು. ಒಂದು ಪಾಲೇ 15 ಗುಂಟೆ ಇದ್ದಾಗ, ಅದಕ್ಕೆ ಇನ್ನೂ 10 ಕೂಡಿಸಿದ ಮೇಲೆ 13 ಆಗೋದು ಹೆಂಗ? ಈ ಒಂದು ಪ್ರಶ್ನೆ ಕೇಳಿದರೆ ಹುಡುಗನೇ ತಪ್ಪು ಹಿಡೀತಾನೆ.

ಕಿರಾಣಿಯಲ್ಲೂ ಇದೇ ಲೆಕ್ಕ. ಪಾವ ಕಿಲೋ 250 ಗ್ರಾಂ, ಒಂದೂವರೆ ಪಾವ 375 ಗ್ರಾಂ, ಅದು 3/8 ಕಿಲೋ. ಕೂಡಿದರೆ 625 ಗ್ರಾಂ. ತಕ್ಕಡಿ ಅದನ್ನು 0.625 ಅಂತ ತೋರಿಸಿದರೆ ಅದೂ ಇದೇ 5/8.

ಪಹಣಿಯಲ್ಲಿ ಮಾತ್ರ ಹುಷಾರಾಗಿರಬೇಕು, ಇಲ್ಲಿ ದೊಡ್ಡವರೇ ಎಡವುತ್ತಾರೆ. 25 ಗುಂಟೆಯನ್ನು ಎಕರೆ-ಗುಂಟೆ ಲೆಕ್ಕದಲ್ಲಿ 0-25 ಅಂತ ಬರೀತಾರೆ, ಎಷ್ಟೋ ಸಲ ನಡುವೆ ಚುಕ್ಕಿ ಇಟ್ಟು 0.25. ಅದನ್ನು ಕ್ಯಾಲ್ಕುಲೇಟರ್‌ನ 0.25 ಅಂತ ಓದಿದರೆ ಕಾಲು ಎಕರೆ ಆಯಿತು, 25 ಗುಂಟೆ ಹೋಗಿ 10 ಗುಂಟೆ ಉಳಿಯಿತು. ಕೂಡಿಸುವಾಗಲೂ ಅಷ್ಟೇ. 1 ಎಕರೆ 30 ಗುಂಟೆ ಮತ್ತು 2 ಎಕರೆ 25 ಗುಂಟೆಯನ್ನು 1.30, 2.25 ಅಂತ ಒತ್ತಿದರೆ 3.55 ಬರುತ್ತದೆ. 55 ಗುಂಟೆಯಲ್ಲಿ 40 ಹೋಗಿ ಒಂದು ಎಕರೆ ಆಗುತ್ತದೆ, ಸರಿ ಉತ್ತರ 4 ಎಕರೆ 15 ಗುಂಟೆ. ಪಾಲು ಹಂಚುವ ಮಾತುಕತೆಯಲ್ಲಿ ಈ ಚುಕ್ಕಿ ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಬಲ್ಲದು.

ಇನ್ನು ಪರೀಕ್ಷೆ. ಪ್ರಶ್ನೆಯಲ್ಲಿ 'ಸಂಕ್ಷಿಪ್ತ ರೂಪದಲ್ಲಿ ಬರೆಯಿರಿ' ಅಂತ ಇದ್ದರೆ 20/32 ಅರ್ಧ ಕೆಲಸವೇ, ಅಂಕ ಕಡಿದರೆ ಜಗಳಾಡುವಂತಿಲ್ಲ. ಹಂಗೇನೂ ಕೇಳಿರದಿದ್ದರೆ ಬೆಲೆಯಂತೂ ಸರಿ ಇರುತ್ತದೆ. ಐದನೇ ತರಗತಿ ಮಕ್ಕಳು ಬರೆಯುವ ನವೋದಯ ಪರೀಕ್ಷೆಯಲ್ಲಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳ್ತಾರೆ. ಅಲ್ಲಿ 5/8 ಇದ್ದು 20/32 ಇಲ್ಲದಿದ್ದರೆ ಸರಿ ಲೆಕ್ಕ ಮಾಡಿದ ಹುಡುಗನೂ ಗಾಬರಿಯಾಗಿ ಏನೋ ಒಂದಕ್ಕೆ ಗುರುತು ಹಾಕ್ತಾನೆ. ಅಂಥಾಗ ಅಳಿಸಿ ಮೊದಲಿಂದ ಮಾಡುವುದು ಬೇಡ, 2ರಿಂದ ಭಾಗಿಸಿ 10/16, ಮತ್ತೆ 2ರಿಂದ ಭಾಗಿಸಿ 5/8. ಆಮೇಲೆ ನಾಲ್ಕು ಉತ್ತರದ ಕಡೆ ನೋಡಿದರಾಯಿತು.